ಜರ್ಮನ್ ವಿಶೇಷಣದ ಬಾಲ, ಮನೆಯ ಕೀಲಿಕೈ

ಜರ್ಮನ್ ತರಗತಿಯಲ್ಲಿ ಮೊದಲ ದಿನ ಕಲಿಸುವುದು ನಮಸ್ಕಾರ ಹೇಳುವುದನ್ನು. ಬೆಳಿಗ್ಗೆ ಗೂಟೆನ್ ಮೊರ್ಗೆನ್, ಹಗಲು ಗೂಟೆನ್ ಟಾಗ್, ಸಂಜೆ ಗೂಟೆನ್ ಆಬೆಂಡ್. ಮಲಗುವ ಹೊತ್ತಿಗೆ ಮಾತ್ರ ಗೂಟೆ ನಾಖ್ಟ್. ಮೂರು ಕಡೆ ಇದ್ದ 'ಎನ್' ರಾತ್ರಿಯಾಗುತ್ತಲೇ ಎಲ್ಲಿ ಹೋಯಿತು? ನಾನು ಕಲಿಯುತ್ತಿದ್ದಾಗ ಈ ಪ್ರಶ್ನೆ ಕೇಳಿ, "ಅದು ಹಾಗೇ, ಬಾಯಿಪಾಠ ಮಾಡು" ಎಂಬ ಉತ್ತರ ಪಡೆದಿದ್ದೆ. ಮುಂದೆ ನಾನೇ ಕಲಿಸಲು ನಿಂತಾಗ ಮೊದಲ ಎರಡು ವರ್ಷ ಅದೇ ಉತ್ತರ ಕೊಟ್ಟೆ. ಈಗ ಕೊಡುವುದಿಲ್ಲ. ಜರ್ಮನ್ ವಿಶೇಷಣಗಳ ಗುಟ್ಟು ಪೂರ್ತಿ ಅಡಗಿರುವುದೇ ಆ ಕಾಣೆಯಾದ 'ಎನ್'ನಲ್ಲಿ.

'ಗೂಟ್' ಎಂದರೆ ಒಳ್ಳೆಯ. 'ಕಾಫಿ ಒಳ್ಳೆಯದಿದೆ' ಎಂದು ವಾಕ್ಯದ ಕೊನೆಗೆ ಹೇಳುವಾಗ ಅದು ಬರೀ 'ಗೂಟ್'. ಅಲ್ಲಿ ತಕರಾರಿಲ್ಲ. ನಾಮಪದದ ಮುಂದೆ ಬಂದು ನಿಂತ ಕೂಡಲೇ ಅದಕ್ಕೆ ಬಾಲ ಬೇಕು: ಗೂಟೆ, ಗೂಟೆನ್, ಗೂಟೆರ್, ಗೂಟೆಸ್, ಗೂಟೆಮ್. ಬಾಲಗಳು ಇರುವುದು ಐದೇ. ಯಾವುದನ್ನು ಎಲ್ಲಿ ಅಂಟಿಸಬೇಕು ಎನ್ನುವುದಕ್ಕೆ ಪಠ್ಯಪುಸ್ತಕದಲ್ಲಿ ಮೂರು ಕೋಷ್ಟಕಗಳಿರುತ್ತವೆ: 'ಡೆರ್' ಗುಂಪಿನ ನಿಶ್ಚಿತ ಆರ್ಟಿಕಲ್ ಇದ್ದಾಗ ಒಂದು, 'ಐನ್' ಎಂಬ ಅನಿಶ್ಚಿತ ಆರ್ಟಿಕಲ್ ಇದ್ದಾಗ ಇನ್ನೊಂದು, ಆರ್ಟಿಕಲ್ಲೇ ಇಲ್ಲದಾಗ ಮತ್ತೊಂದು. ನಾಲ್ಕು ವಿಭಕ್ತಿ, ಮೂರು ಲಿಂಗ ಮತ್ತು ಬಹುವಚನ ಸೇರಿ ನಾಲ್ಕು ಸಾಲು, ಒಂದು ಕೋಷ್ಟಕಕ್ಕೆ 16 ಮನೆ, ಮೂರಕ್ಕೆ 48. ಈ 48 ಮನೆಗಳನ್ನು ಮಗ್ಗಿಯಂತೆ ಉರು ಹೊಡೆದವರನ್ನು ನೋಡಿದ್ದೇನೆ. ಪರೀಕ್ಷೆಯಲ್ಲಿ ಬರೆಯುತ್ತಾರೆ, ಮಾತಿನಲ್ಲಿ ತಡವರಿಸುತ್ತಾರೆ. ಕೋಷ್ಟಕ ನೆನಪಾಗುವಷ್ಟರಲ್ಲಿ ಎದುರಿಗಿದ್ದವರು ಕಾಫಿ ಕುಡಿದು ಮುಗಿಸಿರುತ್ತಾರೆ.

(ಜರ್ಮನ್ ಪದಗಳನ್ನು ಇಲ್ಲಿ ಕಾಗುಣಿತ ಕಾಣುವ ಹಾಗೆ ಬರೆದಿದ್ದೇನೆ. ಆಡುವಾಗ ಕೊನೆಯ 'ಎರ್' ಬಹುಪಾಲು 'ಅ' ಎಂದು ಮಸುಕಾಗುತ್ತದೆ. ಬಾಲ ಕಣ್ಣಿಗೆ ಬೀಳಲಿ ಎಂದು ಅದನ್ನು ಪೂರ್ತಿ ಉಳಿಸಿಕೊಂಡಿದ್ದೇನೆ.)

ಕನ್ನಡದಲ್ಲಿ ಈ ರಗಳೆ ಇಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ, ಒಳ್ಳೆಯ ಹುಡುಗರಿಗೆ: 'ಒಳ್ಳೆಯ' ಎಲ್ಲಿಯೂ ಅಲುಗುವುದಿಲ್ಲ. 1894ರಲ್ಲಿ ಕನ್ನಡ ನಿಘಂಟನ್ನು ಹೊರತಂದ ಜರ್ಮನ್ ಪಾದ್ರಿ ಕಿಟೆಲ್ ಅವರಿಗೆ ನಮ್ಮ ಭಾಷೆಯ ಈ ಒಂದು ಗುಣ ಎಷ್ಟು ನೆಮ್ಮದಿ ಕೊಟ್ಟಿರಬಹುದೋ ಎಂದು ಆಗಾಗ ಅಂದುಕೊಳ್ಳುತ್ತೇನೆ. ಆದರೆ ಇನ್ನೊಂದು ವಾಕ್ಯ ನೋಡಿ. 'ಒಳ್ಳೆಯ ಹುಡುಗನಿಗೆ ಕೊಡು' ಎನ್ನುವ ಬದಲು ಹುಡುಗನನ್ನು ಬಿಟ್ಟು ಹೇಳಬೇಕಾದರೆ 'ಒಳ್ಳೆಯವನಿಗೆ ಕೊಡು' ಎನ್ನುತ್ತೇವೆ. ಅಷ್ಟು ಹೊತ್ತು ಕದಲದೆ ನಿಂತಿದ್ದ ವಿಶೇಷಣ ಲಿಂಗವನ್ನೂ ವಿಭಕ್ತಿಯನ್ನೂ ತಾನೇ ಹೊತ್ತುಕೊಂಡಿತು. ಏಕೆ? ಹೊರಬೇಕಾದ ನಾಮಪದ ಅಲ್ಲಿಲ್ಲ. ಯಾರಾದರೊಬ್ಬರು ಹೊರಲೇಬೇಕು.

ಜರ್ಮನ್ ನಡೆಯುವುದೂ ಇದೇ ಲೆಕ್ಕದಲ್ಲಿ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ವಿಭಕ್ತಿಯ ಹೊಣೆ ಕೊನೆಯಲ್ಲಿರುವ ನಾಮಪದದ್ದು, ಅವರಲ್ಲಿ ಮುಂಚೂಣಿಯಲ್ಲಿರುವ ಆರ್ಟಿಕಲ್ಲಿನದು. ಆರ್ಟಿಕಲ್ ತಪ್ಪಿಸಿಕೊಂಡರೆ ಹೊಣೆ ವಿಶೇಷಣದ ಹೆಗಲಿಗೆ ಬರುತ್ತದೆ.

ತರಗತಿಯಲ್ಲಿ ಇದನ್ನು ಮನೆಯ ಕೀಲಿಕೈಯ ಕಥೆಯಾಗಿ ಹೇಳುತ್ತೇನೆ. ಅಣ್ಣ, ತಮ್ಮ, ಅಮ್ಮ ಮೂವರೂ ಬೀಗ ಹಾಕಿಕೊಂಡು ಹೊರಡುತ್ತಾರೆ. ಅಣ್ಣ ಆರ್ಟಿಕಲ್, ತಮ್ಮ ವಿಶೇಷಣ, ಹಿಂದೆ ಬರುವ ಅಮ್ಮ ನಾಮಪದ. ಕೀಲಿಕೈ ಒಬ್ಬರ ಹತ್ತಿರ ಇದ್ದರೆ ಸಾಕು. ಅಣ್ಣ ಇಟ್ಟುಕೊಂಡಿದ್ದರೆ ತಮ್ಮ ಕೈಬೀಸಿಕೊಂಡು ನಡೆಯಬಹುದು. ಅಣ್ಣ ಮರೆತು ಬಂದಿದ್ದರೆ, ಅಥವಾ ಅಣ್ಣ ಬಂದೇ ಇಲ್ಲದಿದ್ದರೆ, ತಮ್ಮನೇ ಹಿಡಿದುಕೊಳ್ಳಬೇಕು. ಕೀಲಿಕೈ ಎಂದರೆ ಈ ನಾಮಪದದ ಲಿಂಗ ಯಾವುದು, ವಿಭಕ್ತಿ ಯಾವುದು ಎಂದು ಕೇಳುವವರಿಗೆ ತಿಳಿಸುವ ಗುರುತು.

ಆ ಗುರುತುಗಳು 'ಡೆರ್' ಆರ್ಟಿಕಲ್ಲಿನ ರೂಪಗಳಲ್ಲೇ ಇವೆ. ಜರ್ಮನ್ ಕಲಿಯುವವರು ಇವನ್ನು ಮೊದಲ ತಿಂಗಳಲ್ಲೇ ಕಲಿತಿರುತ್ತಾರೆ. ನಾಮಿನೇಟಿವ್, ಅಕ್ಯುಸೇಟಿವ್, ಡೇಟಿವ್, ಅಂದರೆ ನಮ್ಮ ಪ್ರಥಮಾ, ದ್ವಿತೀಯಾ, ಚತುರ್ಥಿಗಳಿಗೆ ಸಮೀಪದವು, ಈ ಕ್ರಮದಲ್ಲಿ ಹೇಳಿಕೊಳ್ಳಿ:

ಪುಲ್ಲಿಂಗ: ಡೆರ್, ಡೆನ್, ಡೆಮ್
ಸ್ತ್ರೀಲಿಂಗ: ಡೀ, ಡೀ, ಡೆರ್
ನಪುಂಸಕ: ಡಾಸ್, ಡಾಸ್, ಡೆಮ್
ಬಹುವಚನ: ಡೀ, ಡೀ, ಡೆನ್

ಇವುಗಳ ತುದಿಯನ್ನಷ್ಟೇ ಹಿಡಿಯಿರಿ. ಡೆರ್‌ನಿಂದ ಎರ್, ಡೆನ್‌ನಿಂದ ಎನ್, ಡೆಮ್‌ನಿಂದ ಎಮ್, ಡೀಯಿಂದ ಎ, ಡಾಸ್‌ನಿಂದ ಎಸ್. ಕೀಲಿಕೈ ಗೊಂಚಲು ಇಷ್ಟೇ. ಷಷ್ಠಿಯಂಥ ನಾಲ್ಕನೆಯ ವಿಭಕ್ತಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದರದು ಬೇರೆ ಕಥೆ, ಆಮೇಲೆ ಬರುತ್ತದೆ.

ಸುಲಭವಾದ, ಅಂದರೆ ಅಣ್ಣನೇ ಇಲ್ಲದ ಸಂದರ್ಭವನ್ನು ಮೊದಲು ನೋಡೋಣ. ಪಠ್ಯಪುಸ್ತಕಗಳು ಇದನ್ನು ಕೊನೆಗೆ ಕಲಿಸುತ್ತವೆ, ಅದು ತಪ್ಪೆಂದು ನನ್ನ ಅಭಿಪ್ರಾಯ. ಕಾಫಿ ಜರ್ಮನ್‌ನಲ್ಲಿ ಪುಲ್ಲಿಂಗ: ಡೆರ್ ಕಾಫೆ. ಹಾಲು ಸ್ತ್ರೀಲಿಂಗ: ಡೀ ಮಿಲ್ಷ್. ನೀರು ನಪುಂಸಕ: ಡಾಸ್ ವಾಸೆರ್. ಆರ್ಟಿಕಲ್ ತೆಗೆದು ಬರೀ 'ಒಳ್ಳೆಯ ಕಾಫಿ' ಎನ್ನಬೇಕಾದರೆ ಡೆರ್‌ನ ತುದಿ ವಿಶೇಷಣಕ್ಕೆ ಬಂದು ಗೂಟೆರ್ ಕಾಫೆ ಆಗುತ್ತದೆ. ಒಳ್ಳೆಯ ಹಾಲು ಗೂಟೆ ಮಿಲ್ಷ್, ಒಳ್ಳೆಯ ನೀರು ಗೂಟೆಸ್ ವಾಸೆರ್. 'ಮಿಟ್' ಎಂದರೆ ಜೊತೆಗೆ. ಅದು ಯಾವಾಗಲೂ ಡೇಟಿವ್ ಬೇಡುತ್ತದೆ. ಡೇಟಿವ್‌ನಲ್ಲಿ ಕಾಫಿಗೆ ಡೆಮ್, ಆದ್ದರಿಂದ ಮಿಟ್ ಗೂಟೆಮ್ ಕಾಫೆ. ಹಾಲಿಗೆ ಡೇಟಿವ್‌ನಲ್ಲಿ ಡೆರ್, ಆದ್ದರಿಂದ ಮಿಟ್ ಗೂಟೆರ್ ಮಿಲ್ಷ್. ಕೋಷ್ಟಕ ನೋಡಬೇಕಾದ್ದೇ ಇಲ್ಲ. ಅಲ್ಲಿ ಆರ್ಟಿಕಲ್ ಇದ್ದಿದ್ದರೆ ಏನಿರುತ್ತಿತ್ತು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಅದರ ತುದಿಯನ್ನು ಕಿತ್ತು ಅಂಟಿಸಿದರಾಯಿತು.

ಈಗ ಆ ಮೊದಲ ದಿನದ ನಮಸ್ಕಾರಕ್ಕೆ ಬನ್ನಿ. ಗೂಟೆನ್ ಟಾಗ್ ಎನ್ನುವುದು 'ನಿಮಗೆ ಒಳ್ಳೆಯ ದಿನವನ್ನು ಹಾರೈಸುತ್ತೇನೆ' ಎಂಬ ವಾಕ್ಯದ ಉಳಿದ ಚೂರು. ದಿನವನ್ನು ಎಂದಾಗ ಅಕ್ಯುಸೇಟಿವ್ ಆಯಿತು. ದಿನ, ಬೆಳಗು, ಸಂಜೆ ಮೂರೂ ಜರ್ಮನ್‌ನಲ್ಲಿ ಪುಲ್ಲಿಂಗ. ಪುಲ್ಲಿಂಗದ ಅಕ್ಯುಸೇಟಿವ್ ಡೆನ್. ಆದ್ದರಿಂದ ಗೂಟೆನ್. ರಾತ್ರಿ ಮಾತ್ರ ಸ್ತ್ರೀಲಿಂಗ. ಅದರ ಅಕ್ಯುಸೇಟಿವ್ ಡೀ. ಆದ್ದರಿಂದ ಗೂಟೆ ನಾಖ್ಟ್. ಊಟಕ್ಕೆ ಕೂತಾಗ ಹೇಳುವ ಗೂಟೆನ್ ಅಪೆಟೀಟ್ ಇದೇ ಜಾತಿಯದು. ಕಾಯಿಲೆ ಬಿದ್ದವರಿಗೆ 'ಬೇಗ ಗುಣವಾಗಲಿ' ಎನ್ನಲು ಗೂಟೆ ಬೆಸೆರುಂಗ್, ಬೆಸೆರುಂಗ್ ಸ್ತ್ರೀಲಿಂಗ. ಆರ್ಟಿಕಲ್ ಇಲ್ಲದ ಕೋಷ್ಟಕದ ಅರ್ಧವನ್ನು ಜರ್ಮನ್ ಕಲಿಯುವವರು ಮೊದಲ ವಾರದಿಂದಲೇ ನಾಲಿಗೆಯ ಮೇಲಿಟ್ಟುಕೊಂಡು ಓಡಾಡುತ್ತಿರುತ್ತಾರೆ, ಯಾರೂ ಹೇಳಿರುವುದಿಲ್ಲ ಅಷ್ಟೇ.

ಇನ್ನು ಅಣ್ಣ ಕೀಲಿಕೈ ಹಿಡಿದು ಮುಂದೆ ನಡೆಯುವ ಸಂದರ್ಭ: ಡೆರ್, ಡೀ, ಡಾಸ್ ಮತ್ತು ಅವುಗಳ ರೂಪಗಳು. ಗುರುತು ಆಗಲೇ ಸಿಕ್ಕಿರುವುದರಿಂದ ವಿಶೇಷಣಕ್ಕೆ ಹೆಚ್ಚಿನ ಕೆಲಸವಿಲ್ಲ. ಹಾಗೆಂದು ಅದು ಬರಿಗೈಯಲ್ಲಿ ಪೂರ್ತಿ ಬೋಳಾಗಿ ನಿಲ್ಲುವುದೂ ಇಲ್ಲ. 'ಎ' ಅಥವಾ 'ಎನ್', ಎರಡರಲ್ಲೊಂದು ಸಾದಾ ಬಾಲ ಹಾಕಿಕೊಳ್ಳುತ್ತದೆ. ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಲ್ಲಿ ಹಿರಿಯನಾದ ಯಾಕೋಬ್ ಗ್ರಿಮ್ ವ್ಯಾಕರಣಕಾರನೂ ಹೌದು. ಗುರುತು ಹೊತ್ತ ಬಾಲಕ್ಕೆ 'ಬಲಿಷ್ಠ', ಈ ಸಾದಾ ಬಾಲಕ್ಕೆ 'ದುರ್ಬಲ' ಎಂದು ಹೆಸರಿಟ್ಟವನು ಅವನೇ. ಇವತ್ತಿಗೂ ಪುಸ್ತಕಗಳಲ್ಲಿ ಅದೇ ಹೆಸರುಗಳಿವೆ.

ಎ ಯಾವಾಗ, ಎನ್ ಯಾವಾಗ? ನಿಘಂಟು ತೆರೆದರೆ ಪ್ರತಿ ನಾಮಪದದ ಜೊತೆ ಅದರ ಆರ್ಟಿಕಲ್ ಗೊತ್ತಾಗುತ್ತದೆ: ಡೆರ್ ಕಾಫೆ, ಡೀ ಮಿಲ್ಷ್, ಡಾಸ್ ವಾಸೆರ್. ವಾಕ್ಯದಲ್ಲೂ ಆರ್ಟಿಕಲ್ ಅದೇ ರೂಪದಲ್ಲಿ, ಏಕವಚನದಲ್ಲಿ ನಿಂತಿದ್ದರೆ ವಿಶೇಷಣಕ್ಕೆ ಎ. ಡೆರ್ ಗೂಟೆ ಕಾಫೆ, ಡೀ ಗೂಟೆ ಮಿಲ್ಷ್, ಡಾಸ್ ಗೂಟೆ ವಾಸೆರ್. ಆರ್ಟಿಕಲ್ ನಿಘಂಟಿನ ರೂಪದಿಂದ ಕದಲಿದ್ದರೆ, ಅಥವಾ ನಾಮಪದ ಬಹುವಚನವಾಗಿದ್ದರೆ, ಎನ್. ಕಾಫಿ ಕುಡಿಯುವಾಗ ಡೆರ್ ಹೋಗಿ ಡೆನ್ ಬಂತು: ಡೆನ್ ಗೂಟೆನ್ ಕಾಫೆ. ಮಿಟ್ ಬಂದಾಗ ಡೆಮ್ ಆಯಿತು: ಮಿಟ್ ಡೆಮ್ ಗೂಟೆನ್ ಕಾಫೆ. ಹಾಲಿಗೆ ಮಿಟ್ ಬಂದರೆ ಡೀ ಹೋಗಿ ಡೆರ್: ಮಿಟ್ ಡೆರ್ ಗೂಟೆನ್ ಮಿಲ್ಷ್. ಇಲ್ಲಿ ಜಾಗ್ರತೆ ಬೇಕು. ಡೆರ್ ಎಂಬ ಸದ್ದು ಕೇಳಿದ ಕೂಡಲೇ 'ನಿಘಂಟಿನ ರೂಪ' ಎಂದು ನಂಬಬಾರದು. ಹಾಲಿನ ನಿಘಂಟಿನ ರೂಪ ಡೀ. ಒಟ್ಟು 16 ಮನೆಗಳಲ್ಲಿ ಎ ಬರುವುದು ಐದರಲ್ಲಿ ಮಾತ್ರ. ಉಳಿದ ಹನ್ನೊಂದರಲ್ಲೂ ಎನ್. ಹಾಗಾಗಿ ತೀರಾ ಗೊಂದಲವಾದಾಗ ಎನ್ ಎಂದುಬಿಡುವ ಹಳೆಯ ವಿದ್ಯಾರ್ಥಿಗಳ ಜೂಜು ಪೂರ್ತಿ ಮೂರ್ಖತನವೇನಲ್ಲ.

ಮೂರನೆಯದು ಐನ್. ಜನ ಹೆದರುವುದು ಇದಕ್ಕೆ. ಪುಸ್ತಕಗಳು ಇದನ್ನು 'ಮಿಶ್ರ' ಎಂದು ಕರೆದು ಮತ್ತೊಂದು 16 ಮನೆಯ ಕೋಷ್ಟಕ ಕೊಡುತ್ತವೆ. ಅದರಲ್ಲಿ ಹೊಸದೆಂದರೆ ಮೂರೇ ಮನೆ. ಐನೆ, ಐನೆನ್, ಐನೆಮ್, ಐನೆರ್ ಇವೆಲ್ಲ ತುದಿಯಲ್ಲಿ ಕೀಲಿಕೈ ಹಿಡಿದೇ ಬರುತ್ತವೆ. ಅಲ್ಲಿ ವಿಶೇಷಣಕ್ಕೆ ಡೆರ್ ಗುಂಪಿನ ಲೆಕ್ಕವೇ. ಐನೆ ಗೂಟೆ ಮಿಲ್ಷ್, ಐನೆನ್ ಗೂಟೆನ್ ಕಾಫೆ, ಮಿಟ್ ಐನೆಮ್ ಗೂಟೆನ್ ಕಾಫೆ. ಅಣ್ಣ ಕೀಲಿಕೈ ಮರೆತು ಬರುವುದು ತುದಿಯೇ ಇಲ್ಲದ ಬರೀ 'ಐನ್' ಇದ್ದಾಗ. ಅದು ಪುಲ್ಲಿಂಗದ ನಾಮಿನೇಟಿವ್, ನಪುಂಸಕದ ನಾಮಿನೇಟಿವ್, ನಪುಂಸಕದ ಅಕ್ಯುಸೇಟಿವ್, ಈ ಮೂರು ಕಡೆ ಮಾತ್ರ. ಐನ್ ಎಂದಷ್ಟೇ ಕೇಳಿದರೆ ಮುಂದೆ ಬರುವುದು ಪುಲ್ಲಿಂಗವೋ ನಪುಂಸಕವೋ ತಿಳಿಯುವುದಿಲ್ಲ. ತಿಳಿಸುವ ಹೊಣೆ ತಮ್ಮನದು: ಐನ್ ಗೂಟೆರ್ ಕಾಫೆ, ಐನ್ ಗೂಟೆಸ್ ವಾಸೆರ್. ನನ್ನ, ನಿನ್ನ, ನಮ್ಮ ಎನ್ನುವ ಮೈನ್, ಡೈನ್, ಉನ್ಸೆರ್ ಪದಗಳೂ, 'ಇಲ್ಲ' ಎನ್ನುವ ಕೈನ್ ಪದವೂ ಐನ್‌ನ ದಾರಿಯಲ್ಲೇ ನಡೆಯುತ್ತವೆ.

ಹೀಗೆ ಮೂರು ಕೋಷ್ಟಕ ಕರಗಿ ಎರಡು ಪ್ರಶ್ನೆ ಉಳಿದವು. ಮುಂದಿನ ಪದದ ತುದಿಯಲ್ಲಿ ಗುರುತು ಇದೆಯೇ? ಇಲ್ಲದಿದ್ದರೆ ಡೆರ್‌ನ ತುದಿ ಕಿತ್ತು ಅಂಟಿಸು. ಇದ್ದರೆ, ನಿಘಂಟಿನ ರೂಪವೇ? ಹೌದಾದರೆ ಎ, ಅಲ್ಲವಾದರೆ ಎನ್.

ತಪ್ಪು ಎಲ್ಲಿ ಆಗುತ್ತದೆ ಎಂದು ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದ ಮೇಲೆ ಕಣ್ಣಿಗೆ ಬೀಳುತ್ತದೆ. 'ಐನ್ ಗೂಟೆ ಕಾಫೆ' ಎಂದು ಬರೆದರೆ ಯಾರ ಹತ್ತಿರವೂ ಕೀಲಿಕೈ ಇಲ್ಲ; ಮನೆಯವರೆಲ್ಲ ಬೀದಿಯಲ್ಲಿ. 'ಡೆಮ್ ಗೂಟೆಮ್ ಕಾಫೆ' ಎಂದರೆ ಇಬ್ಬರ ಹತ್ತಿರವೂ ಇದೆ. ಎರ್, ಎಸ್, ಎಮ್ ಈ ಮೂರು ತುದಿಗಳು ಆರ್ಟಿಕಲ್ಲಿನಲ್ಲೂ ವಿಶೇಷಣದಲ್ಲೂ ಜೋಡಿಯಾಗಿ ಕಂಡರೆ ಪೆನ್ನು ಕೆಂಪಾಗಲಿ. ಎ ಮತ್ತು ಎನ್ ಜೋಡಿಯಾಗಬಹುದು. ಸಾದಾ ಬಾಲಕ್ಕೂ ಗುರುತಿಗೂ ಅಲ್ಲಿ ಒಂದೇ ಮುಖ. ಪರೀಕ್ಷೆಯ ಕೊನೆಯ ಐದು ನಿಮಿಷದಲ್ಲಿ ಇದೊಂದನ್ನು ಹುಡುಕಿದರೂ ಹಲವು ತಪ್ಪು ಸಿಗುತ್ತವೆ.

ಎರಡು ಹೊಂಡಗಳನ್ನು ಮಾತ್ರ ಮೊದಲೇ ತೋರಿಸಿಕೊಡಬೇಕು. ಒಂದು 'ಇಮ್'. ತಣ್ಣೀರಿನಲ್ಲಿ ಎನ್ನಲು ಬುದ್ಧಿವಂತ ವಿದ್ಯಾರ್ಥಿಯೂ 'ಇಮ್ ಕಾಲ್ಟೆಮ್ ವಾಸೆರ್' ಎಂದು ಬರೆಯುತ್ತಾನೆ. ಆರ್ಟಿಕಲ್ ಇಲ್ಲವಲ್ಲ, ಗುರುತು ನಾನೇ ಹಾಕಿದೆ ಎಂಬುದು ಅವನ ವಾದ. ಆರ್ಟಿಕಲ್ ಇದೆ, ಮಡಿಚಿಕೊಂಡಿದೆ. ಇನ್ ಮತ್ತು ಡೆಮ್ ಸೇರಿ ಇಮ್ ಆಗಿರುವುದು; ಆ ಮ್ ಕೀಲಿಕೈಯೇ. ಸರಿಯಾದದ್ದು ಇಮ್ ಕಾಲ್ಟೆನ್ ವಾಸೆರ್. ಆಮ್, ಫೋಮ್, ತ್ಸುಮ್, ತ್ಸುರ್ ಎಲ್ಲವೂ ಹೀಗೆ ಆರ್ಟಿಕಲ್ಲನ್ನು ಹೊಟ್ಟೆಯಲ್ಲಿಟ್ಟುಕೊಂಡ ಪದಗಳು. ಇನ್ನೊಂದು 'ಉನ್ಸೆರ್'. ಇದರ ಕೊನೆಯಲ್ಲಿ ಎರ್ ಕಂಡು ಗುರುತು ಸಿಕ್ಕಿತೆಂದು ಖುಷಿಪಡುತ್ತಾರೆ. ಆ ಎರ್ ಪದದ ಮೈಯೇ ಹೊರತು ಬಾಲವಲ್ಲ. ನಮ್ಮ ಒಳ್ಳೆಯ ಕಾಫಿ ಉನ್ಸೆರ್ ಗೂಟೆರ್ ಕಾಫೆ. ಕಣ್ಣಿಗೆ ಎರಡು ಎರ್, ಲೆಕ್ಕಕ್ಕೆ ಒಂದೇ.

ಬಹುವಚನದಲ್ಲಿ 'ಎಲ್ಲ' ಮತ್ತು 'ಹಲವು' ಒಂದೇ ಥರ ಕಂಡರೂ ಬೇರೆ ಬೇರೆ ನಡೆಯುತ್ತವೆ. ಎಲ್ಲ ಒಳ್ಳೆಯ ಗೆಳೆಯರು ಆಲೆ ಗೂಟೆನ್ ಫ್ರೊಯಿಂಡೆ. ಹಲವು ಒಳ್ಳೆಯ ಗೆಳೆಯರು ಫೀಲೆ ಗೂಟೆ ಫ್ರೊಯಿಂಡೆ. ಆಲೆ ಅಣ್ಣನ ಸಾಲಿನದು. ಫೀಲೆ ಸ್ವತಃ ಒಂದು ವಿಶೇಷಣ, ಅಂದರೆ ಇನ್ನೊಬ್ಬ ತಮ್ಮ. ಅಣ್ಣನಿಲ್ಲದಾಗ ತಮ್ಮಂದಿರಿಬ್ಬರೂ ಒಂದೇ ಬಾಲ ಹಾಕಿಕೊಳ್ಳುತ್ತಾರೆ.

ಬಾಕಿ ಉಳಿದದ್ದು ಜೆನಿಟಿವ್, ನಮ್ಮ ಷಷ್ಠಿ. ಕೆಟ್ಟ ಹವೆಯ ಕಾರಣ ಎನ್ನುವುದಕ್ಕೆ ಜರ್ಮನ್‌ನಲ್ಲಿ ವೇಗೆನ್ ಶ್ಲೆಷ್ಟೆನ್ ವೆಟೆರ್ಸ್. ಆರ್ಟಿಕಲ್ ಇಲ್ಲ. ಇದ್ದಿದ್ದರೆ 'ಡೆಸ್' ಇರಬೇಕಿತ್ತು, ಆ ಲೆಕ್ಕದಲ್ಲಿ ಶ್ಲೆಷ್ಟೆಸ್ ಆಗಬೇಕಿತ್ತು. ಆಗಿಲ್ಲ. ಪುಸ್ತಕಗಳು ಇದನ್ನು ಅಪವಾದ ಎಂದು ಬರೆದು ಮುಂದೆ ಹೋಗುತ್ತವೆ. ನಾಮಪದವನ್ನು ನೋಡಿ: ವೆಟೆರ್ ಇದ್ದದ್ದು ವೆಟೆರ್ಸ್ ಆಗಿದೆ. ಜೆನಿಟಿವ್‌ನಲ್ಲಿ ಪುಲ್ಲಿಂಗ, ನಪುಂಸಕ ನಾಮಪದಗಳು ತಾವೇ ಸ್ ಹಚ್ಚಿಕೊಳ್ಳುತ್ತವೆ. ಕೀಲಿಕೈ ಅಮ್ಮನ ಸೆರಗಿನ ತುದಿಯಲ್ಲಿದೆ. ತಮ್ಮ ಬರಿಗೈಯಲ್ಲಿ ಬಂದರೂ ಬಾಗಿಲು ತೆರೆಯುತ್ತದೆ. ಸ್ತ್ರೀಲಿಂಗ, ಬಹುವಚನಗಳ ನಾಮಪದ ಸ್ ಹಚ್ಚಿಕೊಳ್ಳದ ಕಾರಣ ಅಲ್ಲಿ ತಮ್ಮನೇ ಎರ್ ಹಿಡಿಯುತ್ತಾನೆ.

ಈ ವಿಧಾನಕ್ಕೆ ಒಂದು ದೊಡ್ಡ ಮಿತಿಯಿದೆ. ನಾಮಪದದ ಲಿಂಗವನ್ನು ಇದು ಹೇಳಿಕೊಡುವುದಿಲ್ಲ. ಹುಡುಗಿ ಎನ್ನುವ ಮೇಡ್‌ಷೆನ್ ಜರ್ಮನ್‌ನಲ್ಲಿ ನಪುಂಸಕ. ಅದು ಗೊತ್ತಿಲ್ಲದವರು ಎರಡೂ ಪ್ರಶ್ನೆಗೆ ಸರಿಯಾಗಿ ಉತ್ತರಿಸಿಯೂ ಬಾಲ ತಪ್ಪುತ್ತಾರೆ. ಬಾಲದ ತಪ್ಪುಗಳೆಂದು ನಾನು ತಿದ್ದುವುದರಲ್ಲಿ ಎಷ್ಟೋ ನಿಜಕ್ಕೂ ಲಿಂಗದ ತಪ್ಪುಗಳೇ. ಆದ್ದರಿಂದ ನಾಮಪದವನ್ನು ಆರ್ಟಿಕಲ್ ಇಲ್ಲದೆ ನೋಟ್‌ಬುಕ್ಕಿನಲ್ಲಿ ಬರೆಯಲು ನನ್ನ ತರಗತಿಯಲ್ಲಿ ಬಿಡುವುದಿಲ್ಲ.

ಕಳೆದ ವರ್ಷ ಹಾಸನ ಕಡೆಯ ನರ್ಸ್ ಒಬ್ಬರು ಜರ್ಮನಿಯ ಕೆಲಸಕ್ಕೆ ಬರೆದ ಅರ್ಜಿಯನ್ನು ತಂದು ಮುಂದಿಟ್ಟರು. "ಸರ್, ಬಾಲ ಒಂದೂ ನೆಟ್ಟಗಿಲ್ಲ ಅನ್ನಿಸ್ತಿದೆ, ನೀವೇ ಹಾಕಿಕೊಡಿ" ಎಂದರು. ನಾನು ಎಲ್ಲ ಬಾಲಗಳನ್ನೂ ಬಿಳಿ ಹಚ್ಚಿ ಅಳಿಸಿ ವಾಪಸು ಕೊಟ್ಟೆ.

ಮೊದಲ ಸಾಲು 'ಮಾನ್ಯರೇ' ಎನ್ನುವ ಜೇರ್ ಗೆಏರ್ಟ್‌ ಡಾಮೆನ್ ಉಂಡ್ ಹೆರೆನ್. ಆರ್ಟಿಕಲ್ ಇಲ್ಲ, ಬಹುವಚನ, ಡೀ ಇರಬೇಕಿತ್ತು: ಗೆಏರ್ಟೆ. ಇದನ್ನು ಅವರು ಸರಾಗವಾಗಿ ತುಂಬಿದರು. ಎರಡನೆಯದು 'ಬಹಳ ಆಸಕ್ತಿಯಿಂದ', ಮಿಟ್ ಗ್ರೋಸ್ ಇಂಟೆರೆಸೆ. "ಮಿಟ್ ಅಂದ್ರೆ ಡೇಟಿವ್. ಇಂಟೆರೆಸೆ ಡಾಸ್. ಡಾಸ್ ಹೋಗಿ ಡೆಮ್. ಗ್ರೋಸೆಮ್." ಸರಿ. ಮೂರನೆಯದು 'ನಾನೊಬ್ಬ ಅನುಭವಿ ನರ್ಸ್', ಐನೆ ಎರ್ಫಾರೆನ್ ಪ್ಫ್ಲೇಗೆಫಾಖ್‌ಫ್ರೌ. ಐನೆಯಲ್ಲೇ ಎ ಇದೆ, ಹೆಂಗಸಿಗೆ ನಿಘಂಟಿನ ರೂಪವೂ ಡೀಯೇ: ಎರ್ಫಾರೆನೆ. ಅದರ ಹಿಂದೆಯೇ 'ಐದು ವರ್ಷದ ಅನುಭವವಿರುವ', ಮಿಟ್ ಫ್ಯುಂಫ್‌ಯೇರಿಗ್ ಎರ್ಫಾರುಂಗ್. ಇಲ್ಲಿ ನಿಂತರು. ಮೂಲ ಅರ್ಜಿಯಲ್ಲಿ ಎಮ್ ಹಾಕಿದ್ದರು, ಮಿಟ್ ಎಂದರೆ ಎಮ್ ಎಂದು ಕೈಗೆ ರೂಢಿಯಾಗಿತ್ತು. ಅನುಭವ ಯಾವ ಲಿಂಗ ಎಂದೆ. ಉಂಗ್‌ನಲ್ಲಿ ಕೊನೆಯಾಗುವ ಇಂಥ ಪದಗಳು ಸ್ತ್ರೀಲಿಂಗ ಎಂದು ಅವರಿಗೆ ಗೊತ್ತಿತ್ತು. "ಡೀ... ಡೇಟಿವ್‌ನಲ್ಲಿ ಡೆರ್... ಓ, ಫ್ಯುಂಫ್‌ಯೇರಿಗೆರ್!"

ನಾಲ್ಕನೆಯದು 'ಮುಖತಃ ಭೇಟಿಯಾದರೆ ಸಂತೋಷ' ಎನ್ನುವ ವಾಕ್ಯದ್ದು, ಐನ್ ಪೆರ್ಜ್ಯೋನ್ಲಿಷ್ ಗೆಶ್ಪ್ರೇಷ್. ಗೆಶ್ಪ್ರೇಷ್ ನಪುಂಸಕ, ಐನ್ ಬರಿಗೈ. ಎಸ್ ಹಿಡಿಯಬೇಕಾದದ್ದು ವಿಶೇಷಣ: ಪೆರ್ಜ್ಯೋನ್ಲಿಷೆಸ್. ಕೊನೆಗೆ 'ವಂದನೆಗಳೊಂದಿಗೆ', ಮಿಟ್ ಫ್ರೊಯಿಂಡ್ಲಿಷೆನ್ ಗ್ರ್ಯೂಸೆನ್. ಇದನ್ನು ನಾನು ಅಳಿಸಿರಲಿಲ್ಲ, ಜರ್ಮನ್ ಪತ್ರ ಬರೆಯುವ ಎಲ್ಲರಿಗೂ ಕಂಠಪಾಠ. ಅವರು ಅದನ್ನೂ ಬಿಡಲಿಲ್ಲ. ಮಿಟ್, ಬಹುವಚನದ ಡೇಟಿವ್, ಡೆನ್, ಆದ್ದರಿಂದ ಎನ್ ಎಂದು ಬೆರಳು ಮಡಚಿ ಹೇಳಿ ಮುಗಿಸಿದರು.

ಎರಡು ತಿಂಗಳ ಮೇಲೆ ಅಲ್ಲಿಂದ ನನಗೊಂದು ಸಣ್ಣ ಮೇಲ್ ಬಂತು. ಕೊನೆಯಲ್ಲಿ ಸಲಿಗೆಯವರಿಗೆ ಬರೆಯುವ ಹಾಗೆ 'ಫೀಲೆ ಗ್ರ್ಯೂಸೆ' ಎಂದಿತ್ತು. ಕೆಳಗೆ ಕನ್ನಡದಲ್ಲಿ ಒಂದು ಸಾಲು: "ಸರ್, ಇಲ್ಲಿ ಮಿಟ್ ಇಲ್ಲ, ಅದಕ್ಕೇ ಎನ್ ಹಾಕಿಲ್ಲ."